ಹೊಲದ ಖರೀದಿ ಪತ್ರಕ್ಕೆ ಸಹಿ ಹಾಕುವ ಮುಂಚೆ ಏನೇನು ಓದಿ ನೋಡಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಹೊಲ ಖರೀದಿ ಮಾಡುವವರು ನನ್ನ ಹತ್ತಿರ ಕಚ್ಚಾ ಪ್ರತಿ ತಂದು "ಒಂದ್ಸಲ ಕಣ್ಣಾಡಿಸ್ರೀ" ಅನ್ನುತ್ತಾರೆ. ಕಣ್ಣಾಡಿಸಿದರೆ ತಪ್ಪು ಸಿಗೋದಿಲ್ಲ, ಅದಕ್ಕೇ ಇದನ್ನು ಬರೆದಿದ್ದು. ಕಾನೂನಿನ ದೊಡ್ಡ ಪ್ರಶ್ನೆಗಳು ಇಲ್ಲಿಲ್ಲ, ಅವು ವಕೀಲರಿಗೆ. ಇಲ್ಲಿರೋದು ಅಂಕಿ, ತಾರೀಖು, ಹೆಸರು ಮತ್ತು ಪತ್ರದಲ್ಲಿ ಬಳಸಿದ ಪದಗಳ ತಪ್ಪು ಮಾತ್ರ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ, ಅಂಕಿಗಳೆಲ್ಲ ಅರ್ಥ ಆಗಲಿ ಅಂತ ಹಾಕಿದ್ದು. ಗದಗ ತಾಲೂಕಿನ ಒಂದು ಎರೆ ಹೊಲ. ಒಟ್ಟು 4 ಎಕರೆ 12 ಗುಂಟೆ. ಅದರಲ್ಲಿ ಪೂರ್ವ ದಿಕ್ಕಿನ 2 ಎಕರೆ 20 ಗುಂಟೆ ಮಾರಾಟ. ಎಕರೆಗೆ 18 ಲಕ್ಷ. ಸಂಚಕಾರ ಪತ್ರ ಆದದ್ದು 12-03-2025, ಖರೀದಿ ಪತ್ರದ ತಾರೀಖು 18-06-2025. ಮಾರುವವರು ತಾಯಿ ಗಂಗವ್ವ, ಮಗ ಬಸವರಾಜ, ಮತ್ತು ತೀರಿಕೊಂಡ ಇನ್ನೊಬ್ಬ ಮಗನ ಮಗ.

ಬರೆಯುವವರು ಬರೆದಿದ್ದಾರೆ, ವಕೀಲರೂ ನೋಡಿದ್ದಾರೆ. ಮತ್ತೆ ನಾನ್ಯಾಕೆ ಓದಬೇಕು?

ಖರೀದಿ ಪತ್ರವನ್ನು ಯಾರೂ ಖಾಲಿ ಹಾಳೆಯಿಂದ ಶುರು ಮಾಡೋದಿಲ್ಲ. ಹೋದ ವಾರ ಮಾಡಿದ ಯಾರದೋ ಪತ್ರದ ಫೈಲ್ ತೆಗೆದು, ಅದರ ಮೇಲೇ ನಿಮ್ಮ ಹೆಸರು, ನಿಮ್ಮ ನಂಬರ್ ಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಎಲ್ಲ ಕಡೆ ಹಾಗೇ ನಡೆಯುತ್ತದೆ. ಆದರೆ ಹಳೇ ಪಾರ್ಟಿಯ ಒಂದು ಊರ ಹೆಸರೋ, ಚೆಕ್ ನಂಬರೋ, "ಸದರಿ ಪ್ಲಾಟು" ಅನ್ನುವ ಒಂದು ಮಾತೋ ಐದನೇ ಪುಟದಲ್ಲಿ ಹಾಗೇ ಉಳಿದಿರುತ್ತದೆ. ಮೊದಲ ಪುಟ ಎಲ್ಲರೂ ನೋಡುತ್ತಾರೆ, ಅಲ್ಲಿ ತಪ್ಪು ಕಡಿಮೆ. ಉಳಿಕೆ ಸಿಗೋದು ನಡುವಿನ ಪುಟಗಳಲ್ಲಿ ಮತ್ತು ಕೊನೆಯ ಶೆಡ್ಯೂಲಿನಲ್ಲಿ.

ಇನ್ನೊಂದು ಮಾತು. ನಿಮ್ಮ ಹೊಲದ ಪಡುವಣಕ್ಕೆ ಯಾರಿದ್ದಾರೆ ಅನ್ನೋದು ವಕೀಲರಿಗೆ ಹೇಗೆ ಗೊತ್ತಾಗಬೇಕು? ಅವರು ನೀವು ಕೊಟ್ಟ ಕಾಗದ ನೋಡುತ್ತಾರೆ. ಹೊಲ ನೋಡಿದವರು ನೀವು.

ಎದುರಿಗೆ ಏನೇನು ಇಟ್ಟುಕೊಳ್ಳಬೇಕು?

ಕಚ್ಚಾ ಪ್ರತಿ ಕಾಗದದ ಮೇಲೆ ಪ್ರಿಂಟ್ ಆಗಿರಬೇಕು. ಮೊಬೈಲಿನಲ್ಲಿ ಬಂದ ಪಿಡಿಎಫ್ ಅನ್ನು ಬೆರಳಲ್ಲಿ ಸರಿಸುತ್ತಾ ಓದಿದರೆ ಎರಡು ಪುಟ ಅಕ್ಕಪಕ್ಕ ಇಟ್ಟು ನೋಡಲಿಕ್ಕೆ ಆಗೋದಿಲ್ಲ, ಮತ್ತು ಈ ಕೆಲಸದ ಅರ್ಧ ಭಾಗ ಅದೇ. ಪಕ್ಕಕ್ಕೆ ಈಚಿನ ಉತಾರ, 11ಇ ನಕ್ಷೆ, ಹಿಂದಿನ ಖರೀದಿ ಪತ್ರ, ಸಂಚಕಾರ ಪತ್ರ, ಎಲ್ಲರ ಆಧಾರ್ ಮತ್ತು ಪ್ಯಾನ್, ದುಡ್ಡು ಹೋದ ಬ್ಯಾಂಕ್ ಸ್ಟೇಟ್‌ಮೆಂಟ್. ಒಂದು ನಂಬರಿನ ಸ್ವಲ್ಪ ಭಾಗ ಮಾತ್ರ ಮಾರುವಾಗ 11ಇ ನಕ್ಷೆ ಬೇಕೇ ಬೇಕು, ಹಾಗಾಗಿ ನಮ್ಮ ಉದಾಹರಣೆಯಲ್ಲಿ ಅದು ಇದ್ದೇ ಇರುತ್ತದೆ.

ಸಂಚಕಾರ ಪತ್ರ ನೋಡಿಕೊಂಡು ಖರೀದಿ ಪತ್ರದ ಸರ್ವೆ ನಂಬರ್ ತಾಳೆ ಹಾಕಬೇಡಿ. ಅದರಲ್ಲಿ ತಪ್ಪಿದ್ದರೆ ಇದರಲ್ಲೂ ಅದೇ ತಪ್ಪು ಬಂದಿರುತ್ತದೆ, ಎರಡೂ ಹೊಂದುತ್ತವೆ, ನೀವು ನೆಮ್ಮದಿಯಾಗಿ ಸಹಿ ಹಾಕುತ್ತೀರಿ. ಹೊಲದ ವಿವರಕ್ಕೆ ಉತಾರ ಮತ್ತು ನಕ್ಷೆ, ಹೆಸರಿಗೆ ಆಧಾರ್ ಮತ್ತು ಉತಾರ, ದುಡ್ಡಿಗೆ ಸ್ಟೇಟ್‌ಮೆಂಟ್. ಪ್ರತಿಯೊಂದಕ್ಕೂ ಅದು ಹುಟ್ಟಿದ ಕಾಗದವೇ ಬೇಕು.

ಓದೋದು ಹೇಗೆ?

ಇಬ್ಬರು ಕೂತು ಓದಬೇಕು. ಒಬ್ಬರು ಮೂಲ ಕಾಗದ ನೋಡಿ ಗಟ್ಟಿಯಾಗಿ ಹೇಳುವುದು, ಇನ್ನೊಬ್ಬರು ಕಚ್ಚಾ ಪ್ರತಿಯ ಮೇಲೆ ಬೆರಳಿಟ್ಟು ನೋಡುವುದು. ಉಲ್ಟಾ ಮಾಡಬೇಡಿ. ಕಚ್ಚಾ ಪ್ರತಿಯನ್ನು ಗಟ್ಟಿಯಾಗಿ ಓದಿದರೆ, ಅದರಲ್ಲಿ ಬಿಟ್ಟುಹೋದದ್ದು ಯಾರ ಕಿವಿಗೂ ಬೀಳೋದಿಲ್ಲ. ನಾಲ್ಕು ಜನ ಮಾರುವವರಿದ್ದು ಮೂರು ಹೆಸರು ಬಂದಿದ್ದರೆ, ಆ ಮೂರು ಹೆಸರೂ ಸರಿಯಾಗಿಯೇ ಕೇಳಿಸುತ್ತವೆ, ಅಲ್ವಾ?

ನಂಬರ್ ಓದುವಾಗ "ನೂರಾ ನಲವತ್ಮೂರು" ಅನ್ನದೆ "ಒಂದು, ನಾಲ್ಕು, ಮೂರು, ಗೀಟು, ಎರಡು, ಬ" ಅಂತ ಒಂದೊಂದಾಗಿ ಹೇಳಿ. ಒಂದೇ ಸಲಕ್ಕೆ ಎಲ್ಲ ಹಿಡಿಯಲಿಕ್ಕೆ ಹೋಗಬೇಡಿ. ಒಂದು ಸುತ್ತು ಬರೀ ಅಂಕಿ, ಮುಂದಿನ ಸುತ್ತು ಬರೀ ತಾರೀಖು, ಆಮೇಲೆ ಹೆಸರು, ಕೊನೆಗೆ ಕಥೆ ಓದಿದ ಹಾಗೆ ಪೂರ್ತಿ ಪತ್ರ. ಬೇಜಾರಿನ ಕೆಲಸ, ನಿಜ. ಆದರೆ ಅರ್ಥ ಹಿಡಿದು ಓದುವಾಗ ಕಣ್ಣು ಅಂಕಿಯನ್ನು ಹಾರಿಸಿಬಿಡುತ್ತದೆ, ಅದಕ್ಕೇ ಸುತ್ತು ಬೇರೆ ಬೇರೆ.

ಎಕರೆ-ಗುಂಟೆಯಲ್ಲಿ ಯಾವ ತಪ್ಪು ಜಾಸ್ತಿ?

ಎಕರೆ-ಗುಂಟೆಯನ್ನು ದಶಮಾಂಶ ಅಂದುಕೊಳ್ಳೋದು. 2-20 ಅಂದರೆ 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಇದು ಎರಡೂವರೆ ಎಕರೆ. ಯಾರೋ ಇದನ್ನು 2.20 ಅಂತ ಟೈಪ್ ಮಾಡುತ್ತಾರೆ, ಇನ್ಯಾರೋ ಅದನ್ನೇ ಕ್ಯಾಲ್ಕುಲೇಟರಿಗೆ ಹಾಕುತ್ತಾರೆ. 18 ಲಕ್ಷಕ್ಕೆ 2.20 ಗುಣಿಸಿದರೆ 39,60,000 ಬರುತ್ತದೆ. ಸರಿ ಲೆಕ್ಕ 2.5 ಗುಣಿಸಿದ್ದು, ಅಂದರೆ 45,00,000. ಒಂದು ಚುಕ್ಕೆಯಿಂದ 5,40,000 ರೂಪಾಯಿ ವ್ಯತ್ಯಾಸ. ಇಷ್ಟು ದೊಡ್ಡ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ ಅಂತ ಅನಿಸಬಹುದು. ಎರಡೂ ದೊಡ್ಡ ಮೊತ್ತ, ಎರಡೂ ನಂಬುವಂಥದ್ದೇ, ಹಾಗಾಗಿ ಕಾಣೋದಿಲ್ಲ.

ಕಳೆಯುವಾಗಲೂ ಇದೇ ಕಥೆ. ಮಾರಿದ ಮೇಲೆ ಎಷ್ಟು ಉಳಿಯಿತು? 4-12 ರಲ್ಲಿ 2-20 ಕಳೆದು 1-92 ಅಂತ ಬರೆದ ಪ್ರತಿ ಬಂದರೆ ತಕ್ಷಣ ಹಿಡಿಯಬಹುದು, ಯಾಕೆಂದರೆ ಗುಂಟೆಯ ಜಾಗದಲ್ಲಿ 39 ಕ್ಕಿಂತ ದೊಡ್ಡ ಅಂಕಿ ಬರಲಿಕ್ಕೇ ಇಲ್ಲ. ಎಲ್ಲವನ್ನೂ ಗುಂಟೆ ಮಾಡಿ ನೋಡಿ. 4-12 ಅಂದರೆ 172 ಗುಂಟೆ, 2-20 ಅಂದರೆ 100 ಗುಂಟೆ, ಉಳಿದದ್ದು 72 ಗುಂಟೆ, ಅಂದರೆ 1-32. ಮೂರನೇ ಅಂಕಿ ಇದ್ದರೆ ಅದು ಆಣೆ, 16 ಆಣೆಗೆ ಒಂದು ಗುಂಟೆ, ಅಲ್ಲಿ 15 ದಾಟಬಾರದು.

ಉತಾರದಲ್ಲಿ ಖರಾಬ ತೋರಿಸಿದ್ದರೆ ಅದನ್ನೂ ನೋಡಿ. ಒಟ್ಟು ಕ್ಷೇತ್ರಕ್ಕೆ ರೇಟು ಹಚ್ಚಿದ್ದೀರೋ, ಖರಾಬ ಕಳೆದ ಕ್ಷೇತ್ರಕ್ಕೋ ಅನ್ನೋದು ಮಾತಾಡಿಕೊಂಡ ಹಾಗೇ ಪತ್ರದಲ್ಲಿ ಇರಬೇಕು.

ಹುಬ್ಬಳ್ಳಿಯಲ್ಲಿ ಪ್ಲಾಟ್ ತಗೋತಿದ್ದೇನೆ, ಗುಂಟೆ ಲೆಕ್ಕ ನನಗ್ಯಾಕೆ?

ನಿಮಗೆ ಅಡಿ ಮತ್ತು ಮೀಟರಿನ ಕಾಟ. 30×40 ಪ್ಲಾಟ್ 1200 ಚದರ ಅಡಿ, ಅಂದರೆ 111.48 ಚದರ ಮೀಟರ್. ಒಂದು ಕಾಗದದಲ್ಲಿ ಮೀಟರ್, ಇನ್ನೊಂದರಲ್ಲಿ ಅಡಿ ಇದ್ದಾಗ "111.48 ಚದರ ಅಡಿ" ಅನ್ನುವ ಸಾಲು ಹುಟ್ಟುತ್ತದೆ. ಚದರ ಅಡಿಯನ್ನು 10.764 ರಿಂದ ಭಾಗಿಸಿದರೆ ಚದರ ಮೀಟರ್. ಅಷ್ಟು ಮಾಡಿ ನೋಡಿದರೆ ಸಾಕು.

ದುಡ್ಡಿನ ಮೊತ್ತ ಹೇಗೆ ತಾಳೆ ಹಾಕೋದು?

ಮೂರು ಕಡೆ ಹೊಂದಬೇಕು: ಅಂಕಿಯಲ್ಲಿ ಬರೆದದ್ದು, ಅಕ್ಷರದಲ್ಲಿ ಬರೆದದ್ದು, ಮತ್ತು ಕಂತುಗಳನ್ನು ಕೂಡಿಸಿದಾಗ ಬರೋದು. ನಮ್ಮ ಉದಾಹರಣೆಯಲ್ಲಿ ಸಂಚಕಾರ 5 ಲಕ್ಷ, ಆರ್‌ಟಿಜಿಎಸ್ 25 ಲಕ್ಷ, ಡಿಡಿ 15 ಲಕ್ಷ, ಕೂಡಿದರೆ 45. ರೇಟು ಚೌಕಾಸಿಯಾಗಿ ಕೊನೆಗೆ ಬದಲಾದಾಗ ಮೇಲಿನ ಮೊತ್ತ ಮಾತ್ರ ತಿದ್ದಿ, ಕೆಳಗಿನ ಕಂತು ಹಾಗೇ ಬಿಡುತ್ತಾರೆ. ಕೂಡಿಸಿದಾಗಲೇ ಅದು ಗೊತ್ತಾಗೋದು.

ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ ಅಂತ 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಅದನ್ನು ನೆನಪಿಟ್ಟುಕೊಂಡು ಕೆಲವರು "ಅಕ್ಷರದಾಗ ಸರಿ ಐತಿ, ನಡೀತದ ಬಿಡ್ರೀ" ಅನ್ನುತ್ತಾರೆ. ಅದು ಚೆಕ್ಕಿನ ಮಾತು. ಖರೀದಿ ಪತ್ರದಲ್ಲಿ ಜಗಳ ಬಂದಾಗ ಯಾವುದು ಖರೆ ಅಂತ ವಾದ ಮಾಡುವ ಬದಲು ಈಗಲೇ ಒಂದು ಸೊನ್ನೆ ತಿದ್ದೋದು ಸುಲಭ. 45,00,000 ಮತ್ತು 4,50,000 ನಡುವೆ ಕಣ್ಣಿಗೆ ಕಾಣೋದು ಒಂದು ಅಲ್ಪವಿರಾಮದ ಜಾಗ ಅಷ್ಟೇ, ಹಾಗಾಗಿ ಸೊನ್ನೆಗಳನ್ನು ಎಣಿಸಿ.

ತಾರೀಖುಗಳಲ್ಲಿ ಏನು ನೋಡಬೇಕು?

ಪತ್ರದಲ್ಲಿರುವ ಎಲ್ಲ ತಾರೀಖುಗಳನ್ನೂ ಒಂದು ಚೀಟಿಯಲ್ಲಿ, ಹಳೆಯದರಿಂದ ಹೊಸದಕ್ಕೆ, ಏನಾಯಿತು ಅನ್ನೋದರ ಜೊತೆ ಬರೆಯಿರಿ. ಗಂಗವ್ವನ ಗಂಡ ಹೊಲ ಕೊಂಡದ್ದು, ಅವರು ತೀರಿಕೊಂಡದ್ದು, ವಾರಸಾ ಆದದ್ದು, ಸಂಚಕಾರ, ಆರ್‌ಟಿಜಿಎಸ್, ಖರೀದಿ. ಕಚ್ಚಾ ಪ್ರತಿಯಲ್ಲಿ ಆರ್‌ಟಿಜಿಎಸ್ ತಾರೀಖು 02-06-2024 ಅಂತ ಇದೆ ಅಂದುಕೊಳ್ಳಿ. ಪತ್ರದ ಒಳಗೆ ಓದುವಾಗ ಅದು ತಪ್ಪು ಅಂತ ಅನಿಸೋದೇ ಇಲ್ಲ. ಚೀಟಿಯಲ್ಲಿ ಹಾಕಿದಾಗ ಅದು 12-03-2025 ರ ಸಂಚಕಾರಕ್ಕಿಂತ ಮೇಲೆ ಹೋಗಿ ಕೂರುತ್ತದೆ. ಮಾತುಕತೆಯೇ ಆಗದ ಹೊಲಕ್ಕೆ 25 ಲಕ್ಷ ಕೊಟ್ಟ ಹಾಗಾಯಿತು. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಅದು 02-06-2025.

ಹಳೇ ಕೈಬರಹದ ಪತ್ರದಿಂದ ಎತ್ತಿದ ತಾರೀಖುಗಳ ಮೇಲೆ ಇನ್ನೂ ಸಂಶಯ ಇರಲಿ. 4 ಮತ್ತು 7, ಕನ್ನಡ ಅಂಕಿಯಾದರೆ ೬ ಮತ್ತು ೯, ಕೈಬರಹದಲ್ಲಿ ಒಂದರ ಹಾಗೆ ಇನ್ನೊಂದು. ಹಿಂದಿನ ಖರೀದಿ ಪತ್ರ 14-07-1996 ರಂದು ನೋಂದಣಿ ಆಗಿದೆ ಅಂತ ಕಚ್ಚಾ ಪ್ರತಿ ಹೇಳುತ್ತದೆ ಅನ್ನಿ. ಮೊಬೈಲಿನ ಕ್ಯಾಲೆಂಡರ್ ತೆಗೆದು ನೋಡಿದರೆ ಅದು ಭಾನುವಾರ. ಸಹಿ ಭಾನುವಾರ ಆಗಿರಬಹುದು, ಕಚೇರಿಯಲ್ಲಿ ನೋಂದಣಿ ಆಗಿರೋದು ಅನುಮಾನ. ಮೂಲ ಪತ್ರದ ಹಿಂಬದಿಯ ಸಿಕ್ಕಾ ನೋಡಿದರೆ 17-07-1996, ಬುಧವಾರ. ಇದು ಎಲ್ಲ ತಪ್ಪನ್ನೂ ಹಿಡಿಯೋದಿಲ್ಲ, ಏಳು ದಿನದಲ್ಲಿ ಒಂದೇ ಭಾನುವಾರ. ಆದರೆ ಅರ್ಧ ನಿಮಿಷದ ಕೆಲಸ.

ನಮ್ಮ ಕಡೆಗೇ ಸೇರಿದ ಒಂದು ತಪ್ಪಿದೆ. ಗದಗ ಮತ್ತು ಹಾವೇರಿ ಜಿಲ್ಲೆಗಳು ಆದದ್ದು 1997ರಲ್ಲಿ. 1996ರ ಪತ್ರದಲ್ಲಿ ಗದಗ ತಾಲೂಕು, ಧಾರವಾಡ ಜಿಲ್ಲೆ ಅಂತಲೇ ಇರುತ್ತದೆ. ಹಳೇ ಪತ್ರದ ವಿವರ ಹೇಳುವ ಸಾಲಿನಲ್ಲಿ ಅದನ್ನು ಇದ್ದ ಹಾಗೇ ಬಿಡಬೇಕು, ಈಗಿನ ಶೆಡ್ಯೂಲಿನಲ್ಲಿ ಗದಗ ಜಿಲ್ಲೆ ಅಂತ ಬರೆಯಬೇಕು. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ಕಡೆ ಬದಲಿಸಿದರೆ ಒಂದು ಕಡೆ ತಪ್ಪಾಗುತ್ತದೆ. ಅಣ್ಣಿಗೇರಿ, ಲಕ್ಷ್ಮೇಶ್ವರ, ಗಜೇಂದ್ರಗಡ, ರಟ್ಟೀಹಳ್ಳಿ ಕಡೆಯವರಿಗೂ ಇದೇ ಮಾತು. ಇವು ಈಚೆಗೆ ತಾಲೂಕಾದವು, ಹಳೇ ಕಾಗದದಲ್ಲಿ ನವಲಗುಂದ, ಶಿರಹಟ್ಟಿ, ರೋಣ, ಹಿರೇಕೆರೂರ ಅಂತ ಇರುತ್ತದೆ.

ಪತ್ರದ ತಾರೀಖು ಖಾಲಿ ಬಿಟ್ಟಿದ್ದಾರೆ, ಆಮೇಲೆ ತುಂಬುತ್ತಾರಂತೆ. ಪರವಾಗಿಲ್ವಾ?

ಬೇಡ. ಸಹಿ ಆದ ದಿನದಿಂದ ನಾಲ್ಕು ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರು ಮಾಡಬೇಕು ಅನ್ನೋದು 1908ರ ನೋಂದಣಿ ಕಾಯ್ದೆಯ 23ನೇ ಕಲಂ. ಆ ಲೆಕ್ಕ ಶುರುವಾಗೋದೇ ಈ ತಾರೀಖಿನಿಂದ. ತಡವಾದರೆ ಮುಂದಿನ ನಾಲ್ಕು ತಿಂಗಳವರೆಗೆ ದಂಡ ಕಟ್ಟಿ ಕೇಳಿಕೊಳ್ಳಬೇಕಾಗುತ್ತದೆ.

ವಯಸ್ಸಿಗೂ ಇದೇ ತಾರೀಖು ಆಧಾರ. ನಮ್ಮ ಉದಾಹರಣೆಯ ಮೊಮ್ಮಗ ಹುಟ್ಟಿದ್ದು 20-06-2007. ಪತ್ರದಲ್ಲಿ "ವಯಸ್ಸು 18" ಅಂತ ಹಾಕಿದ್ದಾರೆ. 18-06-2025 ಕ್ಕೆ ಅವನಿಗೆ 18 ತುಂಬಲಿಕ್ಕೆ ಇನ್ನೂ ಎರಡು ದಿನ ಇದೆ, ಅಂದರೆ ಅವನು ಮೈನರ್, ಅವನ ಸಹಿ ನಡೆಯೋದಿಲ್ಲ. ಇಂಥಲ್ಲಿ ತಿದ್ದಲಿಕ್ಕೆ ಹೋಗಬೇಡಿ, ಪತ್ರ ಎತ್ತಿಟ್ಟು ವಕೀಲರನ್ನು ಕೇಳಿ. ವಯಸ್ಸು ಬರೆದಲ್ಲೆಲ್ಲ ಹುಟ್ಟಿದ ತಾರೀಖು ನೋಡಿ ನೀವೇ ಲೆಕ್ಕ ಹಾಕಿ. ಸಂಚಕಾರ ಪತ್ರದಲ್ಲಿದ್ದ ವಯಸ್ಸನ್ನೇ ಎತ್ತಿ ಹಾಕೋದು ಬಹಳ ಸಾಮಾನ್ಯ.

ಉತಾರದಲ್ಲಿ ಬಸಪ್ಪ, ಆಧಾರಿನಲ್ಲಿ ಬಸವರಾಜ. ಯಾವುದು ಬರೆಯೋದು?

ಎರಡೂ. "ಬಸವರಾಜ ಉರ್ಫ್ ಬಸಪ್ಪ" ಅಂತ ಬರೆಸಿ, ಇಬ್ಬರೂ ಒಬ್ಬರೇ ಅನ್ನೋದಕ್ಕೆ ವಕೀಲರು ಹೇಳಿದ ಪ್ರಮಾಣ ಪತ್ರ ಮಾಡಿಸಿಕೊಳ್ಳಿ. ಬರೀ ಆಧಾರಿನ ಹೆಸರು ಹಾಕಿದರೆ ನಾಳೆ ಉತಾರದಲ್ಲಿ ಹೆಸರು ಬದಲಾಗುವಾಗ "ಬಸವರಾಜ ಅನ್ನೋರು ಈ ಖಾತೆಯಲ್ಲೇ ಇಲ್ಲ" ಅನ್ನುವ ಪ್ರಶ್ನೆ ಬರುತ್ತದೆ.

ಗಂಗವ್ವ, ಗಂಗಮ್ಮ, ಗಂಗಾಬಾಯಿ ಅಂತ ಒಬ್ಬರಿಗೇ ಮೂರು ಹೆಸರು ನಮ್ಮ ಕಡೆ ಹೊಸದಲ್ಲ. ಮನೆಯವರಿಗೆ ಮೂರೂ ಒಂದೇ, ಅದಕ್ಕೇ ಮನೆಯವರ ಕಣ್ಣಿಗೆ ಇದು ಬೀಳೋದಿಲ್ಲ. ಮೊದಲ ಪುಟದಲ್ಲಿ ಒಂದು ಸಲ ಉರ್ಫ್ ಹಾಕಿದ ಮೇಲೆ ಕೊನೆಯ ಸಹಿಯವರೆಗೆ ಒಂದೇ ಹೆಸರು ಬರಬೇಕು. ತಂದೆಯ ಹೆಸರು, ಅಡ್ಡಹೆಸರು ಕೂಡ ಅದೇ ಕ್ರಮದಲ್ಲಿ ಬರಲಿ. ಮದುವೆಯಾದ ಹೆಣ್ಣುಮಕ್ಕಳ ಹೆಸರು ಬಂದಲ್ಲಿ ಒಂದು ಪುಟದಲ್ಲಿ ತಂದೆಯ ಹೆಸರು, ಮುಂದಿನ ಪುಟದಲ್ಲಿ ಗಂಡನ ಹೆಸರು ಬಂದರೆ ಓದುವವರಿಗೆ ಅವರು ಇಬ್ಬರು ಬೇರೆ ಹೆಂಗಸರು.

ಹೆಬ್ಬಟ್ಟು ಒತ್ತುವ ಹಿರಿಯರಿದ್ದರೆ ಅವರ ಭಾಗವನ್ನು ಅವರಿಗೇ ಓದಿ ಹೇಳಿ. "ಅಜ್ಜೀ, ನಿಮ್ಮ ಗಂಡನ ಹೆಸರು ಇದೇನ್ರೀ?" ಅಂತ ಕೇಳಿದಾಗಲೇ ಎಷ್ಟೋ ಸಲ ಖರೆ ಹೆಸರು ಹೊರಗೆ ಬರುತ್ತದೆ.

ಪ್ಯಾನ್, ಆಧಾರ್, ಬ್ಯಾಂಕ್ ಕೋಡ್ ತಪ್ಪಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತಾ?

ಸ್ವಲ್ಪ ಮಟ್ಟಿಗೆ. ಪ್ಯಾನ್ ಅಂದರೆ ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ವ್ಯಕ್ತಿಯದಾದರೆ ನಾಲ್ಕನೇ ಅಕ್ಷರ `P`. ಐದನೆಯದು ಅಡ್ಡಹೆಸರಿನ ಮೊದಲ ಅಕ್ಷರ, ಹಿರೇಮಠ ಆದರೆ `H`, ಅಂಗಡಿ ಆದರೆ `A`. ಪ್ಯಾನ್ ಮಾಡಿಸುವಾಗ ಅಡ್ಡಹೆಸರಿನ ಜಾಗದಲ್ಲಿ ತಂದೆಯ ಹೆಸರು ಕೊಟ್ಟವರಿಗೆ ಇದು ಹೊಂದೋದಿಲ್ಲ, ಹಾಗಾಗಿ ಅಕ್ಷರ ಬೇರೆ ಬಂದರೆ ಗಾಬರಿ ಬೇಡ, ಕಾರ್ಡ್ ತೆಗೆದು ನೋಡಿ. ಆಧಾರ್ 12 ಅಂಕಿ, ಮೊದಲನೆಯದು 0 ಅಥವಾ 1 ಇರೋದಿಲ್ಲ. ಬ್ಯಾಂಕಿನ ಐಎಫ್‌ಎಸ್‌ಸಿ 11 ಇರಬೇಕು, ಐದನೆಯದು ಯಾವಾಗಲೂ ಸೊನ್ನೆ, `O` ಅಕ್ಷರ ಅಲ್ಲ.

ಅಂಕಿ, ಹೆಸರು ಎಲ್ಲ ಸರಿ ಇದೆ. ಪದಗಳಲ್ಲಿ ಏನು ತಪ್ಪಾಗಲಿಕ್ಕೆ ಸಾಧ್ಯ?

ದೊಡ್ಡ ತಪ್ಪು ಇಲ್ಲೇ ಆಗೋದು ಅಂತ ನನ್ನ ಅಭಿಪ್ರಾಯ. ನಮ್ಮ ಪತ್ರದಲ್ಲಿ ಎರಡು ಶೆಡ್ಯೂಲ್ ಇವೆ. "ಅ" ಅಂದರೆ ಪೂರ್ತಿ 4-12, "ಬ" ಅಂದರೆ ಮಾರುವ 2-20. ಒಳಗಿನ ಒಂದು ಸಾಲಿನಲ್ಲಿ "ಅ ಶೆಡ್ಯೂಲ್ ಆಸ್ತಿಯನ್ನು ಕಾಯಂ ಖರೀದಿ ಕೊಟ್ಟಿದ್ದೇವೆ" ಅಂತ ಬಂದರೆ ಗಂಗವ್ವ ಪೂರ್ತಿ ಹೊಲ ಬರೆದುಕೊಟ್ಟ ಹಾಗೆ. ಅಂಕಿ ಎಲ್ಲೂ ತಪ್ಪಿಲ್ಲ, ಒಂದೇ ಅಕ್ಷರ ತಪ್ಪು. "ಸದರಿ ಆಸ್ತಿ" ಅನ್ನುವ ಮಾತು ಇನ್ನೂ ಮೋಸ ಮಾಡುತ್ತದೆ, ಯಾವ ಆಸ್ತಿ ಅಂತ ಅದು ಹೇಳೋದೇ ಇಲ್ಲ. ಹಾಗಾಗಿ "ಶೆಡ್ಯೂಲ್" ಮತ್ತು "ಸದರಿ" ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು, ಒಂದೊಂದಕ್ಕೂ "ಯಾವುದು?" ಅಂತ ಕೇಳಿಕೊಳ್ಳಿ.

ಒಂದನೇ ಪಾರ್ಟಿ, ಎರಡನೇ ಪಾರ್ಟಿ ಕೂಡ ಹೀಗೇ. ಸಂಚಕಾರ ಪತ್ರದಲ್ಲಿ ಕೊಳ್ಳುವವರು ಒಂದನೇ ಪಾರ್ಟಿ ಆಗಿದ್ದು, ಖರೀದಿ ಪತ್ರದಲ್ಲಿ ಮಾರುವವರು ಒಂದನೇ ಪಾರ್ಟಿ ಆದರೆ, ಅಲ್ಲಿಂದ ಎತ್ತಿ ಹಾಕಿದ ಪ್ಯಾರಾದಲ್ಲಿ ಸಾಲ-ಬೋಜಾ ತೀರಿಸುವ ಜವಾಬ್ದಾರಿ ಕೊಳ್ಳುವವರ ತಲೆಗೆ ಬರುತ್ತದೆ. ಓದುವಾಗ ಪಾರ್ಟಿ ಅಂತ ಬಂದಲ್ಲಿ ಹೆಸರು ಹಾಕಿ ಗಟ್ಟಿಯಾಗಿ ಓದಿ, "ಗಂಗವ್ವ 45 ಲಕ್ಷ ಕೊಟ್ಟು ಕಬ್ಜಾ ಪಡೆದಿದ್ದಾರೆ" ಅಂತ ಕೇಳಿದರೆ ಪಕ್ಕದಲ್ಲಿ ಕೂತವರೇ ನಗುತ್ತಾರೆ.

ಚಕ್ಕುಬಂದಿ ಹೇಗೆ ನೋಡೋದು?

ಪೂರ್ವದ ಭಾಗ ಮಾರಿದ್ದಾರೆ ಅಂದರೆ, ಮಾರಿದ ಭಾಗದ ಪಶ್ಚಿಮಕ್ಕೆ ಗಂಗವ್ವನವರ ಉಳಿದ 1-32 ಇರಲೇಬೇಕು. ಹಳೇ ಪತ್ರದ ಚಕ್ಕುಬಂದಿಯನ್ನೇ ನಕಲು ಮಾಡಿದ್ದರೆ ಪಶ್ಚಿಮಕ್ಕೆ ಪಕ್ಕದ ಹೊಲದವರ ಹೆಸರು ಇರುತ್ತದೆ, ಅದು ಪೂರ್ತಿ ಹೊಲದ ಎಲ್ಲೆ. 11ಇ ನಕ್ಷೆಯನ್ನು ಉತ್ತರ ಮೇಲೆ ಬರುವ ಹಾಗೆ ಹಿಡಿದು, ನಾಲ್ಕೂ ದಿಕ್ಕು ಒಂದೊಂದಾಗಿ ನೋಡಿ. ಪಕ್ಕದ ಹೊಲದವರು ಮಾರಿ ಹೋಗಿದ್ದರೆ ಅಥವಾ ತೀರಿಕೊಂಡಿದ್ದರೆ ಈಗಿನ ಉತಾರದಲ್ಲಿರುವ ಹೆಸರು, ಅದರ ಜೊತೆ ಅವರ ಸರ್ವೆ ನಂಬರ್ ಕೂಡ ಬರೆಸಿ. ಜನ ಬದಲಾಗುತ್ತಾರೆ, ನಂಬರ್ ಸುಲಭಕ್ಕೆ ಬದಲಾಗೋದಿಲ್ಲ.

ಪತ್ರ ಸರಿ ಇದ್ದರೆ ಕಾವೇರಿಯಲ್ಲಿ ತುಂಬಿದ್ದನ್ನು ಮತ್ತೆ ನೋಡಬೇಕಾ?

ನೋಡಲೇಬೇಕು. ಪತ್ರ ಬೇರೆ, ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ತುಂಬಿದ ವಿವರ ಬೇರೆ. ಮುಂದೆ ಉತಾರ ಬದಲಾಗಲಿಕ್ಕೆ ಭೂಮಿ ತಂತ್ರಾಂಶಕ್ಕೆ ಹೋಗೋದು ಅಲ್ಲಿ ತುಂಬಿದ್ದು. ಪತ್ರದಲ್ಲಿ 2-20 ಇದ್ದು ಅಲ್ಲಿ 2-02 ಬಿದ್ದಿದ್ದರೆ ನಿಮ್ಮ ಓದಾಟವೆಲ್ಲ ಸುಮ್ನೆ. ಅರ್ಜಿ ಸಲ್ಲಿಸುವ ಮುಂಚೆಯೇ ತುಂಬಿದ ವಿವರ ತೋರಿಸಲಿಕ್ಕೆ ಹೇಳಿ, ಹೆಸರು, ಹಿಸ್ಸಾ, ಕ್ಷೇತ್ರ, ಮೊತ್ತ ಈ ನಾಲ್ಕನ್ನು ಪತ್ರದ ಜೊತೆ ತಾಳೆ ಹಾಕಿ.

ಸಹಿ ಹಾಕುವಾಗಲೇ ತಪ್ಪು ಕಂಡರೆ ಪೆನ್ನಿನಲ್ಲಿ ತಿದ್ದಬಹುದಾ?

ಕಾನೂನಿನಲ್ಲಿ ಅವಕಾಶ ಇದೆ. ತಿದ್ದಿದಲ್ಲೆಲ್ಲ ಬರೆದುಕೊಡುವವರು ಸಹಿ ಅಥವಾ ಚಿಕ್ಕ ಸಹಿ ಹಾಕಿರಬೇಕು, ಇಲ್ಲದಿದ್ದರೆ ನೋಂದಣಿ ಅಧಿಕಾರಿ ಪತ್ರವನ್ನು ತೆಗೆದುಕೊಳ್ಳದೆ ಇರಬಹುದು ಅನ್ನೋದು ನೋಂದಣಿ ಕಾಯ್ದೆಯ 20ನೇ ಕಲಂ. ಒಂದು ಅಕ್ಷರದ ತಪ್ಪಾದರೆ ಹಾಗೆ ಮಾಡಿ. ಕ್ಷೇತ್ರ, ಮೊತ್ತ, ಸರ್ವೆ ನಂಬರ್ ಆದರೆ ಆ ಪುಟವನ್ನೇ ಹೊಸದಾಗಿ ಪ್ರಿಂಟ್ ಮಾಡಿಸಿ. ಪುಟ ಬದಲಿಸಿದ ಮೇಲೆ ಹಿಂದಿನ ಪುಟದ ಕೊನೆ ಸಾಲು ಮತ್ತು ಮುಂದಿನ ಪುಟದ ಮೊದಲ ಸಾಲು ಕೂಡುತ್ತವೆಯೋ ಇಲ್ಲವೋ ಓದಿ, ಅಲ್ಲೇ ಒಂದು ಸಾಲು ಎರಡು ಸಲ ಬರೋದು ಅಥವಾ ಪೂರ್ತಿ ಮಾಯವಾಗೋದು.

ನೋಂದಣಿ ಆಗಿಹೋಗಿದೆ, ಈಗ ತಪ್ಪು ಕಂಡಿದೆ. ಏನು ದಾರಿ?

ತಿದ್ದುಪಡಿ ಪತ್ರ. ಮೊದಲ ಪತ್ರಕ್ಕೆ ಸಹಿ ಹಾಕಿದವರೆಲ್ಲ ಮತ್ತೆ ಬಂದು ಸಹಿ ಹಾಕಬೇಕು, ಅದನ್ನೂ ನೋಂದಣಿ ಮಾಡಿಸಬೇಕು. ಅಷ್ಟರಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರ ವಾರಸುದಾರರು ಬರಬೇಕು. ದುಡ್ಡು ಕೈಗೆ ಸೇರಿದ ಮೇಲೆ ಮಾರಿದವರು "ನಾಳೆ ಬರ್ತೀನಿ" ಅನ್ನುತ್ತಾ ದಿನ ದೂಡಿದರೆ ಉಳಿಯೋದು ಕೋರ್ಟು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಲ್ಲಿ ಪತ್ರ ತಿದ್ದಿಸಿಕೊಡಿ ಅಂತ ಕೇಳಬಹುದು, ಆದರೆ ಮೋಸದಿಂದ ಅಥವಾ ಎರಡೂ ಕಡೆಯವರ ತಪ್ಪು ತಿಳುವಳಿಕೆಯಿಂದ ಪತ್ರ ಹಾಗೆ ಬಂದಿದೆ ಅಂತ ತೋರಿಸಬೇಕು. ಅದಕ್ಕೆ ಸಂಚಕಾರ ಪತ್ರ, 11ಇ ನಕ್ಷೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇವೇ ಸಾಕ್ಷಿ, ಖರೀದಿ ಆಯಿತು ಅಂತ ಅವನ್ನು ಎಲ್ಲೋ ಹಾಕಿಬಿಡಬೇಡಿ.